‘ಹಂಗಾದ್ರ’ ಅನ್ನೋ ಮಾತು ಎಲ್ಲಿಂದ ಬಂತು?

“ಹಂಗಾದ್ರ ಸಂಜಿ ನಾಲ್ಕೂವರಿನೇ ಫೈನಲ್ ಅಲ್ರಿ ಸರ?”

ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಮುಂಜಾನೆ 9:10ಕ್ಕೆ ಈ ಮೆಸೇಜ್ ಬೀಳುತ್ತದೆ. ‘ಹಂಗಾದ್ರ’ ಅನ್ನಬೇಕಾದರೆ ಅದಕ್ಕೂ ಮೊದಲು ಯಾರೋ ಏನೋ ಹೇಳಿರಬೇಕು. ಬೆರಳಿನಿಂದ ಮೇಲೆ ಸರಿಸಿ ನೋಡಿದರೆ ಅಲ್ಲಿ ಯಾರೂ ಏನೂ ಹೇಳಿಲ್ಲ. ನಿನ್ನೆ ಸಂಜೆ ಹೆಡ್‌ಮಾಸ್ಟರ್ ಕೇಳಿದ ಒಂದು ಪ್ರಶ್ನೆ ಇದೆ, ಅದಕ್ಕೆ ಒಬ್ಬರು ಮೇಡಂ ಕೊಟ್ಟ ಒಂದು ಉತ್ತರ ಇದೆ, ಆಮೇಲೆ ನೇರವಾಗಿ ಈ ‘ಹಂಗಾದ್ರ’. ಲೆಕ್ಕದ ಪೇಪರಿನಲ್ಲಿ ಪ್ರಶ್ನೆ ಬರೆದು, ಹೆಜ್ಜೆಗಳನ್ನು ಬಿಟ್ಟು, ಕೆಳಗೆ ಉತ್ತರಕ್ಕೆ ಗೆರೆ ಎಳೆದ ಹಾಗೆ. ಹೆಜ್ಜೆಗಳನ್ನು ಬೇರೆ ಯಾವುದೋ ಹಾಳೆಯ ಮೇಲೆ ಮಾಡಲಾಗಿದೆ.

ಆ ಬೇರೆ ಹಾಳೆಯನ್ನು ನಾವು ನೋಡುವ ಹಾಗಿಲ್ಲ. ವಾಟ್ಸಾಪ್‌ನಲ್ಲಿ ಇನ್ನೊಬ್ಬರ ಹೆಸರನ್ನು ಒತ್ತಿದರೆ ನಾವಿಬ್ಬರೂ ಇರುವ ಗುಂಪುಗಳಷ್ಟೇ ಕಾಣುತ್ತವೆ, ನಮ್ಮನ್ನು ಬಿಟ್ಟು ಮಾಡಿದ ಗುಂಪು ಎಲ್ಲೂ ಕಾಣುವುದಿಲ್ಲ. ಹಾಗಾಗಿ ಹೊರಗುಳಿದವರಿಗೆ ಸಿಗುವುದು ಸುಳಿವು ಮಾತ್ರ, ಅದೂ ಮಾತಿನ ಸಂದಿನಲ್ಲಿ. ಆ ಸುಳಿವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿಗೆ ನಿಲ್ಲಿಸಬೇಕು ಎನ್ನುವುದನ್ನು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ.

ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ ಅಂದುಕೊಳ್ಳಿ. ಸ್ಟಾಫ್ ಗುಂಪಿನಲ್ಲಿ ಹನ್ನೊಂದು ಜನ. ಅವರಲ್ಲಿ ನಾಲ್ವರು, ಅಂದರೆ ಹೆಡ್‌ಮಾಸ್ಟರ್, ಗಣಿತದ ಸರ್, ಇಂಗ್ಲಿಷ್ ಮೇಡಂ, ಸಮಾಜ ವಿಜ್ಞಾನದ ಸರ್, ಕಲಬುರಗಿಯಿಂದ ಒಂದೇ ಕಾರಿನಲ್ಲಿ ಅಪ್ ಆಂಡ್ ಡೌನ್ ಮಾಡುತ್ತಾರೆ. ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತಾರೆ. ಯಾರು ಎಲ್ಲಿ ನಿಲ್ಲಬೇಕು, ಇವತ್ತು ಯಾರು ರಜೆ ಎಂದು ತಿಳಿಸಲು ನಾಲ್ವರದೇ ಒಂದು ಗುಂಪು ಇದೆ. ವಿಜ್ಞಾನದ ಮೇಡಂ ಕೂಡ ಕಲಬುರಗಿಯವರೇ, ಆದರೆ ಅವರು ಬರುವುದು ಕೆಕೆಆರ್‌ಟಿಸಿ ಬಸ್ಸಿನಲ್ಲಿ, ಜೇವರ್ಗಿಯಲ್ಲಿ ಇಳಿದು ಹಳ್ಳಿಯ ಬಸ್ಸು ಹಿಡಿದು. ಕನ್ನಡದ ಸರ್, ಪಿಇ ಸರ್ ಜೇವರ್ಗಿಯಲ್ಲೇ ಮನೆ ಮಾಡಿದ್ದಾರೆ.

ಸೋಮವಾರ ಸಂಜೆ 7:15ಕ್ಕೆ ಹೆಡ್‌ಮಾಸ್ಟರ್ ಗುಂಪಿನಲ್ಲಿ ಕೇಳುತ್ತಾರೆ: “10ನೇ ತರಗತಿ ಸ್ಪೆಷಲ್ ಕ್ಲಾಸ್ ಮುಂಜಾನಿ ಇಡೋಣೊ ಸಂಜಿ ಇಡೋಣೊ? ಎಲ್ಲರೂ ಅಭಿಪ್ರಾಯ ತಿಳಿಸ್ರಿ.” 7:42ಕ್ಕೆ ವಿಜ್ಞಾನದ ಮೇಡಂ: “ಸರ, ಮುಂಜಾನಿ ಇದ್ರ ಛಲೋ ಆಗ್ತದ್ರಿ. ಸಂಜಿ ಐದರ ಬಸ್ ತಪ್ಪಿದ್ರ ನನಗ ಭಾಳ ತ್ರಾಸ್ ಆಗ್ತದ.” ಆಮೇಲೆ ಗುಂಪು ಸುಮ್ಮನೆ. ಮಂಗಳವಾರ ಹೀಗೆ:

9:10, ಗಣಿತದ ಸರ್: “ಹಂಗಾದ್ರ ಸಂಜಿ ನಾಲ್ಕೂವರಿನೇ ಫೈನಲ್ ಅಲ್ರಿ ಸರ?”
9:11, ಹೆಡ್‌ಮಾಸ್ಟರ್: “ಹೌದ್ರಿ, ಮಾತಾಡಿದಂಗ ಮಾಡೋಣ.”
9:11, ಇಂಗ್ಲಿಷ್ ಮೇಡಂ: “ಆ ಟೈಂಟೇಬಲ್ ಇಲ್ಲಿನೂ ಹಾಕ್ರಿ, ಎಲ್ಲರಿಗೂ ಗೊತ್ತಾಗ್ತದ.”
9:12, ಸಮಾಜ ವಿಜ್ಞಾನದ ಸರ್: ಟೈಂಟೇಬಲ್ಲಿನ ಫೋಟೋ. ಸೋಮವಾರ, ಗುರುವಾರ ಸಂಜೆ 4:30ರಿಂದ 5:30 ವಿಜ್ಞಾನ.

ನಾಲ್ಕು ಮೆಸೇಜ್‌ಗಳಲ್ಲಿ ಒಂದು ಗಡಸು ಮಾತೂ ಇಲ್ಲ. ಎಲ್ಲರೂ ‘ರಿ’ ಹಚ್ಚಿಯೇ ಮಾತಾಡಿದ್ದಾರೆ. ಆದರೂ ಓದಿದ ವಿಜ್ಞಾನದ ಮೇಡಂಗೆ ಒಳಗೆ ಏನೋ ಚುಚ್ಚುತ್ತದೆ, ಯಾಕೆ ಚುಚ್ಚಿತು ಎಂದು ಹೇಳಲು ಆಗುವುದಿಲ್ಲ. ಹೇಳಲು ಆಗದೇ ಇರುವುದೇ ಇದರ ಕಷ್ಟ. ಮಾತುಗಳನ್ನು ಒಂದೊಂದಾಗಿ ಬಿಡಿಸಿದರೆ ಅದು ಕಾಣುತ್ತದೆ.

‘ಮಾತಾಡಿದಂಗ.’ ಯಾರು ಮಾತಾಡಿದ್ದು? ಕನ್ನಡದಲ್ಲಿ ಕರ್ತೃ ಇಲ್ಲದೆಯೂ ವಾಕ್ಯ ನಡೆಯುತ್ತದೆ, ಕ್ರಿಯಾಪದ ಸಾಕು. ದಿನವೂ ಜೊತೆಗಿರುವವರ ನಡುವೆ ಇದೊಂದು ಸಲುಗೆ, ಬಿಟ್ಟ ಹೆಸರನ್ನು ಕೇಳುವವರು ತಾವೇ ತುಂಬಿಕೊಳ್ಳುತ್ತಾರೆ. ತುಂಬಿಕೊಳ್ಳಲು ಆಗದವರಿಗೆ ಮಾತ್ರ ಅದು ಖಾಲಿ ಜಾಗವಾಗಿ ಉಳಿಯುತ್ತದೆ. ಕರ್ತೃವನ್ನು ಸೇರಿಸಿ ‘ನಾವು ಮಾತಾಡಿದಂಗ’ ಅಂದಿದ್ದರೂ ನಮ್ಮ ಭಾಷೆಯಲ್ಲಿ ಗೊಂದಲ ಹೋಗುತ್ತಿರಲಿಲ್ಲ. ಗುರುಮಠಕಲ್ ಕಡೆ ಮನೆಯಲ್ಲಿ ತೆಲುಗು ಆಡುವವರನ್ನು ಕೇಳಿ: ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’. ಬೀದರಿನ ಔರಾದ, ಭಾಲ್ಕಿ ಕಡೆಯ ಮರಾಠಿಯಲ್ಲಿ ‘ಆಪಣ್’ ಬೇರೆ, ‘ಆಮ್ಹಿ’ ಬೇರೆ. ಆ ಭಾಷೆಗಳಲ್ಲಿ ಬಾಯಿ ಬಿಟ್ಟ ಕೂಡಲೇ ಕೇಳುವವರು ಒಳಗೋ ಹೊರಗೋ ತಿಳಿದುಹೋಗುತ್ತದೆ. ನಮ್ಮ ‘ನಾವು’ ಎರಡಕ್ಕೂ ಒಂದೇ. ಹಾಗಾಗಿ ಕನ್ನಡದ ಗುಂಪಿನಲ್ಲಿ ‘ನಾವು’ ಕಂಡಾಗ ಅದರಲ್ಲಿ ಯಾರಿದ್ದಾರೆ ಎಂದು ಸುತ್ತಲಿನ ಮಾತಿನಿಂದಲೇ ಊಹಿಸಬೇಕು.

‘ಆ ಟೈಂಟೇಬಲ್.’ ಮೊದಲ ಸಲ ಹೆಸರೆತ್ತುವ ವಸ್ತುವಿಗೆ ನಾವು ‘ಆ’ ಹಚ್ಚುವುದಿಲ್ಲ. ‘ಒಂದು ಟೈಂಟೇಬಲ್ ಮಾಡೀನ್ರಿ’ ಅಂತ ಶುರುಮಾಡುತ್ತೇವೆ. ಇಂಗ್ಲಿಷ್ ಮೇಡಂ ಅದನ್ನು ಆಗಲೇ ನೋಡಿಯಾಗಿದೆ, ತನ್ನ ಹಾಗೆ ಕೇಳುವವರೂ ನೋಡಿದ್ದಾರೆ ಎಂದು ‘ಆ’ ಹೇಳುತ್ತಿದೆ.

‘ಇಲ್ಲಿನೂ.’ ನನ್ನ ಪ್ರಕಾರ ಇಡೀ ಮಾತುಕತೆಯಲ್ಲಿ ಅತ್ಯಂತ ಗಟ್ಟಿ ಸುಳಿವು ಈ ‘ಊ’ ಪ್ರತ್ಯಯ. ‘ಇಲ್ಲಿ ಹಾಕ್ರಿ’ ಅಂದಿದ್ದರೆ ಬೇರೆ ಅರ್ಥ ಬರಬಹುದಿತ್ತು. ‘ಇಲ್ಲಿನೂ’ ಅಂದಾಗ ಬೇರೆ ಕಡೆ ಹಾಕಿಯಾಗಿದೆ ಅಂತಲೇ ಆಯಿತು. ಪಕ್ಕದ ‘ಎಲ್ಲರಿಗೂ’ ಕೂಡ ತಿರುಗುಮುರುಗಾಗಿದೆ, ಇಲ್ಲಿ ಅದರ ಅರ್ಥ ‘ಇನ್ನೂ ಗೊತ್ತಿಲ್ಲದವರಿಗೆ’ ಎಂದು.

ಫೋಟೋದ ಮೇಲೆ ಬೂದು ಬಣ್ಣದಲ್ಲಿ `Forwarded` ಎಂದು ಇದ್ದರೆ ಅದು ಇನ್ನೊಂದು ಚಾಟ್‌ನಿಂದ ಬಂದದ್ದು. ಯಾವ ಚಾಟ್, ಅದರಲ್ಲಿ ಎಷ್ಟು ಜನ ಎಂದು ಅದು ಹೇಳುವುದಿಲ್ಲ. ಹೆಡ್‌ಮಾಸ್ಟರ್ ಒಬ್ಬರೇ ಸಮಾಜ ವಿಜ್ಞಾನದ ಸರ್‌ಗೆ ಕಳಿಸಿರಬಹುದು. ಗುರುತು ಇಲ್ಲದಿದ್ದರೆ ಅದರಿಂದಲೂ ಏನೂ ಸಾಬೀತಾಗುವುದಿಲ್ಲ, ಯಾಕೆಂದರೆ ಗ್ಯಾಲರಿಯಲ್ಲಿ ಉಳಿಸಿಕೊಂಡು ಅಲ್ಲಿಂದ ಕಳಿಸಿದರೆ ಆ ಗುರುತು ಬರುವುದಿಲ್ಲ.

ಕೊನೆಗೆ ಸಮಯ. 7:42ರ ನಂತರ ಹದಿಮೂರು ಗಂಟೆಗೂ ಹೆಚ್ಚು ಹೊತ್ತು ಮೌನ, ಆಮೇಲೆ ಮೂರು ನಿಮಿಷದೊಳಗೆ ನಾಲ್ಕು ಜನರ ನಾಲ್ಕು ಮೆಸೇಜ್. ಬೇರೆ ಬೇರೆ ಮನೆಯಲ್ಲಿ ಕೂತವರು ಸಾಮಾನ್ಯವಾಗಿ ಹೀಗೆ ಬರೆಯುವುದಿಲ್ಲ. ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆಯ ಆಸುಪಾಸಿನಲ್ಲಿ ಓಡುತ್ತಿರುವ ಕಾರಿನಲ್ಲಿ, ಮಾತು ಮುಗಿದ ಮೇಲೆ, ‘ಗ್ರೂಪಿನ್ಯಾಗೂ ಒಂದ್ ಮಾತ್ ಹಾಕಿಬಿಡ್ರಿ’ ಅಂದಾಗ ಹೀಗೆ ಒಟ್ಟಿಗೆ ಬರುತ್ತವೆ.

ಇಷ್ಟು ಸುಳಿವಿನಿಂದ ತೀರ್ಮಾನ ಬೇರೆ ಕಡೆ ಆಗಿದೆ ಎಂದು ಧೈರ್ಯವಾಗಿ ಹೇಳಬಹುದು. ಮೇಡಂ ಅವರನ್ನು ಬೇಕೆಂದೇ ದೂರ ಇಟ್ಟಿದ್ದಾರೆ ಎಂದು ಹೇಳಲು ಬರುವುದಿಲ್ಲ. ಇವೆರಡರ ನಡುವಿನ ಅಂತರ ದೊಡ್ಡದು, ಆದರೆ ಓದುವವರ ಮನಸ್ಸು ಅದನ್ನು ಒಂದೇ ಜಿಗಿತಕ್ಕೆ ದಾಟಿಬಿಡುತ್ತದೆ.

ಯಾಕೆ ದಾಟುತ್ತದೆ ಎನ್ನುವುದಕ್ಕೆ ಮನಃಶಾಸ್ತ್ರದಲ್ಲಿ ಒಳ್ಳೆಯ ಆಧಾರವಿದೆ. ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸಂಗಡಿಗರು 2000ರಲ್ಲಿ ‘ಸೈಬರ್‌ಬಾಲ್’ ಎಂಬ ಕಂಪ್ಯೂಟರ್ ಆಟದ ಪ್ರಯೋಗ ಪ್ರಕಟಿಸಿದರು. ಪರದೆಯ ಮೇಲೆ ಆಟಗಾರರು ಚೆಂಡು ಎಸೆದಾಡುತ್ತಾರೆ, ಸ್ವಲ್ಪ ಹೊತ್ತಿನ ನಂತರ ಒಬ್ಬರಿಗೆ ಚೆಂಡು ಬರುವುದೇ ನಿಂತುಹೋಗುತ್ತದೆ. ಅಷ್ಟಕ್ಕೇ ಆ ಒಬ್ಬರ ಮನಸ್ಸು ಕುಗ್ಗುತ್ತದೆ. 2004ರ ಇನ್ನೊಂದು ಪ್ರಯೋಗದಲ್ಲಿ, ಎದುರಿಗೆ ಆಡುತ್ತಿರುವುದು ಮನುಷ್ಯರಲ್ಲ, ಕಂಪ್ಯೂಟರ್ ಎಂದು ಮೊದಲೇ ಹೇಳಿದರೂ ನೋವು ತಪ್ಪಲಿಲ್ಲ. ಕಂಪ್ಯೂಟರಿಗೆ ಯಾರನ್ನೂ ದೂರ ಇಡುವ ಉದ್ದೇಶ ಇರುವುದಿಲ್ಲವಲ್ಲ. ಹಾಗಾಗಿ ‘ನನಗೆ ಇಷ್ಟು ನೋವಾಗಿದೆ, ಅಂದಮೇಲೆ ಅವರು ಬೇಕಂತಲೇ ಮಾಡಿದ್ದಾರೆ’ ಎಂಬ ಲೆಕ್ಕ ಕೂಡುವುದಿಲ್ಲ. ನೋವು ಸುಳ್ಳು ಅಂತಲೂ ಅಲ್ಲ. 2009ರಲ್ಲಿ ಎರಿಕ್ ಜೋನ್ಸ್, ವಿಲಿಯಮ್ಸ್ ಮುಂತಾದವರು ನೇರವಾಗಿ ಮಾಹಿತಿಯನ್ನೇ ತೆಗೆದುಕೊಂಡು ಪರೀಕ್ಷಿಸಿದರು. ಉಳಿದವರಿಗೆ ಗೊತ್ತಿರುವುದು ತನಗೊಬ್ಬನಿಗೆ ಗೊತ್ತಿಲ್ಲ ಎಂದಾದಾಗಲೇ ತಾನು ಈ ಗುಂಪಿನವನು ಎಂಬ ಭಾವ ಸಡಿಲಾಗುತ್ತದೆ, ಗುಂಪಿನ ಮೇಲಿನ ನಂಬಿಕೆಯೂ ಇಳಿಯುತ್ತದೆ.

ಉದ್ದೇಶದ ಬಗ್ಗೆ ತಿಳಿಯಬೇಕಾದರೆ ಒಂದು ದಿನದ ಮೆಸೇಜ್ ಸಾಲದು, ಒಂದು ತಿಂಗಳದು ಬೇಕು. ಡೈರಿಯ ಹಿಂದಿನ ಪುಟದಲ್ಲಿ ಪ್ರತಿ ವಿಷಯಕ್ಕೆ ಒಂದು ಸಾಲು ಸಾಕು: ವಿಷಯ ಯಾವುದು, ಗುಂಪಿಗೆ ಬಂದಾಗ ಇನ್ನೂ ಬದಲಾಯಿಸಲು ಬರುತ್ತಿತ್ತೋ ಇಲ್ಲವೋ, ಯಾರಿಗೆ ಮೊದಲೇ ಗೊತ್ತಿತ್ತು, ಯಾರ ಕೆಲಸಕ್ಕೆ ಅದು ತಾಗುತ್ತದೆ. ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಕೂಡಿಹಾಕಬೇಡಿ. ಅವು ಮತ್ತೆ ಮತ್ತೆ ಓದಿಸುತ್ತವೆ, ಪ್ರತಿ ಸಲ ಓದಿದಾಗಲೂ ಮಾತು ಹಿಂದಿಗಿಂತ ಖಾರವಾಗಿ ಕಾಣುತ್ತದೆ.

ನಮ್ಮ ಶಾಲೆಯ ಸೆಪ್ಟೆಂಬರ್ ತಿಂಗಳ ಪುಟದಲ್ಲಿ ಏಳು ಸಾಲು ಇವೆ ಅನ್ನೋಣ. ಮೂರು ಬರಿ ಕಾರಿನವರದು: ‘ರಾಮ ಮಂದಿರ ಸರ್ಕಲಿಗಿ ಬಂದೀನ್ರಿ’ ಎಂದು ತಪ್ಪಿ ಸ್ಟಾಫ್ ಗುಂಪಿಗೆ ಬಿದ್ದು ಆಮೇಲೆ ಅಳಿಸಿದ ಮೆಸೇಜ್, ದಾರಿಯಲ್ಲಿ ತಿಂದ ಮಂಡಾಳ ಒಗ್ಗರಣೆಯ ಮಾತು, ಪಂಕ್ಚರ್ ಆದದ್ದು. ಇವು ಯಾರ ಕೆಲಸಕ್ಕೂ ತಾಗುವುದಿಲ್ಲ, ಹೊಡೆದುಹಾಕಿ. ಉಳಿದ ನಾಲ್ಕು: ಸ್ಪೆಷಲ್ ಕ್ಲಾಸ್, ಎಸ್‌ಎ-1 ಪ್ರಶ್ನೆಪತ್ರಿಕೆಯ ಕೆಲಸ ಹಂಚಿದ್ದು, ಪಾಲಕರ ಸಭೆಯ ದಿನ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ. ಮೊದಲ ಮೂರೂ ಗುಂಪಿಗೆ ಬಂದದ್ದು ಪೂರ್ತಿ ಬೆಂದ ಮೇಲೆ. ಸೆಪ್ಟೆಂಬರ್ 17ರದು ಮಾತ್ರ ಮೊದಲಿನಿಂದ ಗುಂಪಿನಲ್ಲೇ ನಡೆದಿದೆ, ಯಾರು ಸಿಹಿ ತರಬೇಕು, ಮಕ್ಕಳ ಭಾಷಣ ಯಾರು ನೋಡಬೇಕು ಎಂದು ಹತ್ತಾರು ಮೆಸೇಜ್. ಅದರ ಹೊಣೆ ಪಿಇ ಸರ್‌ದು, ಅವರು ಕಾರಿನಲ್ಲಿ ಇಲ್ಲ.

ಈಗ ಚಿತ್ರ ಬೇರೆ ಆಗುತ್ತದೆ. ಕಾರಿನವರು ಹೊತ್ತ ಕೆಲಸ ಕಾರಿನಲ್ಲೇ ಮುಗಿಯುತ್ತಿದೆ, ಹೊರಗಿನವರು ಹೊತ್ತ ಕೆಲಸ ಗುಂಪಿನಲ್ಲಿ ನಡೆಯುತ್ತಿದೆ. ಮೇಡಂ ಮೇಲಿನ ಮುನಿಸಿಗಿಂತ ಸೀಟಿನ ವ್ಯವಸ್ಥೆಯೇ ಇದಕ್ಕೆ ಕಾರಣ ಅನ್ನಲು ಇದು ಸಾಕಷ್ಟು ಆಧಾರ. ಆದರೆ ಅದೇ ಪುಟದಲ್ಲಿ ಜೇವರ್ಗಿಯ ಕನ್ನಡದ ಸರ್‌ಗೆ ಮೂರು ಸಲವೂ ಯಾರೋ ಮೊದಲೇ ಫೋನ್ ಮಾಡಿ ಹೇಳಿದ್ದಾರೆ ಎಂದು ಕಂಡುಬಂದರೆ? ಅವರೂ ಕಾರಿನಲ್ಲಿಲ್ಲ, ಆದರೂ ಅವರಿಗೆ ಮಾತು ಮುಟ್ಟುತ್ತಿದೆ. ಆಗ ಸೀಟಿನ ಕಾರಣ ಉಳಿಯುವುದಿಲ್ಲ, ಒಬ್ಬರನ್ನು ಆರಿಸಿ ಬಿಡಲಾಗುತ್ತಿದೆ. ಈ ವ್ಯತ್ಯಾಸ ಮೆಸೇಜಿನ ಪದಗಳಲ್ಲಿ ಎಂದೂ ಸಿಗುವುದಿಲ್ಲ, ‘ಯಾರಿಗೆ ಮೊದಲೇ ಗೊತ್ತಿತ್ತು’ ಎಂಬ ಕಾಲಮ್ಮಿನಲ್ಲೇ ಸಿಗುತ್ತದೆ.

ತಾನು ಹಾಕಿದ ಮೆಸೇಜನ್ನು ಒತ್ತಿ ಹಿಡಿದು `Info` ನೋಡುವ ಅಭ್ಯಾಸದ ಬಗ್ಗೆ ಒಂದು ಮಾತು. `Read by` ಎಂಬ ಸಾಲಿನ ಕೆಳಗೆ ಯಾರು ಎಷ್ಟು ಹೊತ್ತಿಗೆ ಓದಿದರು ಎಂದು ಅಲ್ಲಿ ಇರುತ್ತದೆ. ನೀಲಿ ಟಿಕ್ ಬಂದ್ ಮಾಡಿಟ್ಟವರದೂ ಗುಂಪಿನಲ್ಲಿ ಕಾಣುತ್ತದೆ. ಮೇಡಂ ನೋಡಿದರೆ ಹತ್ತೂ ಜನ ರಾತ್ರಿ ಒಂಬತ್ತರೊಳಗೆ ಓದಿದ್ದಾರೆ ಅಂದುಕೊಳ್ಳಿ. ಮಾತು ಮುಟ್ಟಿದೆ ಎಂದಷ್ಟೇ ಅದರಿಂದ ತಿಳಿಯಿತು. ಒಂದು ಸಲ ನೋಡಿ ಬಿಡುವುದು ಒಳ್ಳೆಯದು, ದಿನಕ್ಕೆ ಹತ್ತು ಸಲ ನೋಡಿದರೂ ಅಲ್ಲಿ ಹೊಸದೇನೂ ಹುಟ್ಟುವುದಿಲ್ಲ.

ಕಾರಿನೊಳಗೆ ಏನಾಗಿತ್ತು? ಮುಂಜಾನೆ ಒಂಬತ್ತಕ್ಕೆ ಕ್ಲಾಸ್ ಇಟ್ಟರೆ ಕಾರು ಏಳೂವರೆಗೇ ಬಿಡಬೇಕು, ಇಂಗ್ಲಿಷ್ ಮೇಡಂ ಮಗುವಿನ ಸ್ಕೂಲ್ ವ್ಯಾನ್ ಬರುವುದು ಎಂಟಕ್ಕೆ. ಕಾರಣ ನಿಜವಾದದ್ದೇ, ನಾಲ್ವರೂ ಒಪ್ಪಿದರು. ಮೇಡಂ ಅವರ ಬಸ್ಸಿನ ಮಾತು ಗುಂಪಿನಲ್ಲಿ ಇತ್ತು, ಆದರೆ ಕಾರಿನಲ್ಲಿ ಅದನ್ನು ಎತ್ತುವವರು ಇರಲಿಲ್ಲ. ಗ್ಯಾರೊಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ತೋರಿಸಿದ್ದು ಇದೇ ಬಗೆಯ ಸಂಗತಿ: ಗುಂಪು ಕೂತು ಚರ್ಚಿಸುವಾಗ ಎಲ್ಲರಿಗೂ ಗೊತ್ತಿರುವ ವಿಷಯವೇ ಮತ್ತೆ ಮತ್ತೆ ಬರುತ್ತದೆ, ಒಬ್ಬರಿಗೆ ಮಾತ್ರ ಗೊತ್ತಿರುವುದು ಮೇಲೆ ಬರುವುದಿಲ್ಲ, ಹಾಗಾಗಿ ಸರಿಯಾದ ಆಯ್ಕೆ ಕೈತಪ್ಪುತ್ತದೆ. ಆ ಒಬ್ಬರು ಚರ್ಚೆಯಲ್ಲೇ ಇಲ್ಲದಿದ್ದರೆ ಕೇಳುವುದೇ ಬೇಡ. ನಮ್ಮ ಉದಾಹರಣೆಯಲ್ಲಿ ಕೈತಪ್ಪಿದ್ದು ಇದು: ಮೇಡಂ ಅವರ ಬಸ್ಸು 8:50ಕ್ಕೇ ಶಾಲೆ ಮುಟ್ಟುತ್ತದೆ. ಕಾರು ಬರುವ ಮೊದಲೇ ಅವರು ದಿನವೂ ಸ್ಟಾಫ್ ರೂಮಿನಲ್ಲಿ ಕೂತಿರುತ್ತಾರೆ. ವಿಜ್ಞಾನ ಒಂದನ್ನು ಮುಂಜಾನೆ ಒಂಬತ್ತಕ್ಕೆ ಇಟ್ಟು ಉಳಿದ ವಿಷಯ ಸಂಜೆಗೆ ಬಿಟ್ಟಿದ್ದರೆ ಯಾರಿಗೂ ತ್ರಾಸ್ ಇರುತ್ತಿರಲಿಲ್ಲ. ಕಾರಿನ ನಾಲ್ವರಿಗೆ ಇದು ಹೊಳೆಯುವ ದಾರಿಯೇ ಇಲ್ಲ.

ಇಂಥ ಹೊತ್ತಿನಲ್ಲಿ ಬಹಳಷ್ಟು ಜನ ಮಾಡುವ ತಪ್ಪು ಎಂದರೆ ಗುಂಪಿನಲ್ಲೇ “ನಿಮ್ದು ಬ್ಯಾರೆ ಗ್ರೂಪ್ ಅದ ಏನ್ರಿ?” ಎಂದು ಕೇಳುವುದು. ಕೇಳಬಾರದ ಪ್ರಶ್ನೆ ಅಂತಲ್ಲ. ಆದರೆ ಅದಕ್ಕೆ “ಇಲ್ರಿ ಮೇಡಂ, ಹಂಗೇನಿಲ್ಲ” ಎಂದು ಒಂದೇ ಸಾಲಿನ ಉತ್ತರ ಬರುತ್ತದೆ, ಟೈಂಟೇಬಲ್ ಹಾಗೇ ಉಳಿಯುತ್ತದೆ, ಮಾತು ಮಾತ್ರ ಯಾರು ಯಾರನ್ನು ಅನುಮಾನಿಸಿದರು ಎಂಬ ಕಡೆ ಹೊರಳುತ್ತದೆ. ಕಾರಿನ ಗುಂಪಿಗೆ ತನ್ನನ್ನೂ ಸೇರಿಸಿ ಎಂದು ಹಟ ಹಿಡಿದರೆ ಇನ್ನೂ ಕೆಡುತ್ತದೆ, ಒಂದು ವಾರದಲ್ಲಿ ನಾಲ್ವರ ಹೊಸ ಗುಂಪು ಹುಟ್ಟಿರುತ್ತದೆ.

ಕೇಳಬೇಕಾದದ್ದು ಬಿಟ್ಟುಹೋದ ಹೆಜ್ಜೆಯನ್ನು. ಸೋಮವಾರದ ತನ್ನದೇ ಮೆಸೇಜನ್ನು ಬಲಕ್ಕೆ ಎಳೆದು, ಅದಕ್ಕೇ ರಿಪ್ಲೈ ಆಗಿ ಹೀಗೆ ಬರೆಯಬಹುದು: “ಸರ, ಮುಂಜಾನಿ ಇಡ್ಲಿಕ್ಕೆ ಏನು ಅಡಚಣಿ ಬಂತು ತಿಳಿಸ್ರಿ. ನಾನು ದಿನಾ 8:50ಕ್ಕ ಬಂದಿರ್ತೀನಿ. ವಿಜ್ಞಾನ ಒಂದು ಮುಂಜಾನಿ 9ಕ್ಕ ಇಟ್ರ ಉಳಿದವ್ರಿಗೆ ತ್ರಾಸ್ ಆಗ್ತದೇನ್ರಿ? ನಾಳಿ ಪ್ರಾರ್ಥನಿ ಒಳಗ ಹೇಳಿದ್ರ ಮಕ್ಕಳಿಗಿ ತಿಳಿಸ್ತೀನಿ.” ಇದರಲ್ಲಿ ಯಾರ ಮೇಲೂ ದೂರಿಲ್ಲ. ಹಳೆಯ ಮೆಸೇಜ್ ಜೊತೆಗೇ ಕಾಣುವುದರಿಂದ ‘ನೀವು ಆಗ ಹೇಳಬೇಕಿತ್ತು’ ಎನ್ನಲು ಯಾರಿಗೂ ಬರುವುದಿಲ್ಲ. ಕಾರಿನಲ್ಲಿ ಇರದಿದ್ದ ಮಾಹಿತಿ ಈಗ ಎಲ್ಲರ ಕಣ್ಣ ಮುಂದಿದೆ, ಉತ್ತರಕ್ಕೊಂದು ಗಡುವೂ ಇದೆ. ಗುಂಪಿನಲ್ಲಿ ಬರೆಯುವ ಮೊದಲು ಹೆಡ್‌ಮಾಸ್ಟರ್ ಚೇಂಬರಿಗೆ ಹೋಗಿ ಬಾಯಿಮಾತಿನಲ್ಲಿ ಹೇಳಿಬಿಡುವುದು ನಮ್ಮ ಕಡೆ ಇನ್ನೂ ಒಳ್ಳೆಯದು. ಎಲ್ಲರ ಮುಂದೆ ತೀರ್ಮಾನ ತಿರುಗಿಸಬೇಕಾಗಿ ಬಂದರೆ ಹಿರಿಯರು ಬಿಗಿಯಾಗುತ್ತಾರೆ. ಆದರೆ ಬರೆಯುವುದನ್ನು ಬಿಡಬಾರದು. ಬಾಯಿಮಾತಿನಲ್ಲಿ ಮುಗಿಸಿದರೆ ಆ ತೀರ್ಮಾನಕ್ಕೂ ಹೆಜ್ಜೆ ಇಲ್ಲದಂತಾಗುತ್ತದೆ, ಈ ಸಲ ಹೊರಗುಳಿಯುವವರು ಕನ್ನಡದ ಸರ್ ಆಗಿರುತ್ತಾರೆ.

ಹೀಗೆ ಎರಡು ಸಲ ಕೇಳಿದ ಮೇಲೂ “ಅದು ಆಗ್ಲೇ ಮಾತಾಡಿ ಆಗ್ಯಾದ್ರಿ” ಎಂಬ ಉತ್ತರವೇ ಬಂದರೆ ಆ ಎರಡು ಸಾಲನ್ನೂ ಡೈರಿಗೆ ಸೇರಿಸಬೇಕು. ಮೊದಲಿನದು ಅಜಾಗರೂಕತೆ ಆಗಿರಬಹುದು. ಅಡಚಣೆ ಏನು ಎಂದು ಬರೆದು ಕೇಳಿದ ಮೇಲೂ ಹೇಳದಿರುವುದಕ್ಕೆ ಆ ಹೆಸರು ಹೊಂದುವುದಿಲ್ಲ. ಆಗ ಸ್ಟಾಫ್ ಮೀಟಿಂಗಿನಲ್ಲಿ ವಿಷಯ ಇಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸುವುದು ಸರಿಯಾದ ದಾರಿ.

ಕಾರಿನಲ್ಲಿ ಕೂತವರಿಗೂ ಒಂದು ಕೆಲಸ ಇದೆ, ಅದು ಅಂಥ ದೊಡ್ಡದಲ್ಲ. ದಾರಿಯಲ್ಲಿ ಮಾತು ಬರುವುದು ಸಹಜ, ನಾಲ್ಕು ಜನ ಒಂದು ಗಂಟೆ ಒಟ್ಟಿಗೆ ಕೂತು ಶಾಲೆಯ ಮಾತು ಆಡಬೇಡಿ ಅಂದರೆ ಆಗದ ಮಾತು. ಆದರೆ ಗುಂಪಿಗೆ ಹಾಕುವಾಗ ‘ಫೈನಲ್’ ಬಿಟ್ಟು ಹೆಜ್ಜೆಗಳನ್ನು ಹಾಕಬೇಕು: “ದಾರ್ಯಾಗ ನಾವು ನಾಕು ಮಂದಿ ಮಾತಾಡಿದ್ವಿ. ಮುಂಜಾನಿ ಇಟ್ರ ಇಂಗ್ಲಿಷ್ ಮೇಡಂಗ ಕಷ್ಟ ಅದ. ವಿಜ್ಞಾನ ಮೇಡಂ ಸಂಜಿ ಬಸ್ಸಿನ ತ್ರಾಸ್ ಹೇಳ್ಯಾರ. ಸಂಜಿ ನಾಲ್ಕೂವರಿ ಅಂತ ನಮ್ಮ ವಿಚಾರ, ಇನ್ನಾ ಪಕ್ಕಾ ಮಾಡಿಲ್ಲ. ಇವತ್ತ ಸಂಜಿ ತನಕ ಎಲ್ಲರೂ ಹೇಳ್ರಿ.” ಇಲ್ಲಿ ‘ನಾವು’ ಯಾರು ಎಂಬುದಕ್ಕೆ ಲೆಕ್ಕವಿದೆ, ನಾಲ್ಕು ಮಂದಿ. ಇದರ ಬದಲು ಪೋಲ್ ಹಾಕಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಕಾರಿನಲ್ಲಿ ಮಾತು ಮುಗಿದ ಮೇಲೆ ಪೋಲ್ ಹಾಕಿದರೆ ಎರಡು ನಿಮಿಷದಲ್ಲಿ ಒಂದೇ ಆಯ್ಕೆಗೆ ನಾಲ್ಕು ಓಟು ಬೀಳುತ್ತದೆ, ಅದರಲ್ಲಿ ಒಂದು ಹೆಡ್‌ಮಾಸ್ಟರದು. ಅದನ್ನು ಕಂಡ ಮೇಲೆ ಐದನೆಯವರು ಬೇರೆ ಕಡೆ ಒತ್ತುವುದು ಕಷ್ಟ. ಪೋಲ್ ಹಾಕುವುದಾದರೆ ಕಾರು ಹತ್ತುವ ಮೊದಲೇ ಹಾಕಬೇಕು.

ಇಷ್ಟೆಲ್ಲ ಸುಳಿವು ಓದಲು ಆಗುವುದು ಸ್ಟಾಫ್ ಗುಂಪಿನೊಳಗೆ ಇರುವವರಿಗೆ. ಅದೇ ಶಾಲೆಯಲ್ಲಿ ವಾರಕ್ಕೆ ಇಷ್ಟು ಪೀರಿಯಡ್ ಎಂದು ಬರುವ ಅತಿಥಿ ಶಿಕ್ಷಕರನ್ನು ಎಷ್ಟೋ ಕಡೆ ಗುಂಪಿಗೇ ಸೇರಿಸಿರುವುದಿಲ್ಲ. ‘ಹಂಗಾದ್ರ’ ಆಗಲಿ, ‘ಇಲ್ಲಿನೂ’ ಆಗಲಿ ಅವರ ಕಣ್ಣಿಗೆ ಬೀಳುವುದಿಲ್ಲ. ಅವರು ನಾಲ್ಕೂವರೆಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಬರುವಾಗ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳುತ್ತಾಳೆ: “ಸರ, ಇವತ್ತ ನಿಮ್ದು ಸ್ಪೆಷಲ್ ಕ್ಲಾಸ್ ಅದ ಅಲ್ರಿ?”